ಸೋಮವಾರದ ನೋವಿಗೆ ಭಾನುವಾರದ ಪುಟ ನೋಡಿ

ಪ್ರಶ್ನೆ: ನನಗೆ 41 ವರ್ಷ. ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಕಚೇರಿಯೊಂದರಲ್ಲಿ. ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ಎಂಟು ತಿಂಗಳಿಂದ ಸೊಂಟದ ಬಲಭಾಗದಲ್ಲಿ ನೋವು, ಒಮ್ಮೊಮ್ಮೆ ತೊಡೆಯವರೆಗೂ ಇಳಿಯುತ್ತದೆ. ಮೂಳೆ ವೈದ್ಯರು ಪರೀಕ್ಷಿಸಿ, ಗಾಬರಿಪಡುವಂಥದ್ದೇನೂ ಇಲ್ಲವೆಂದು ಫಿಸಿಯೊಥೆರಪಿಗೆ ಕಳಿಸಿದರು. ಅಲ್ಲಿನ ಮೇಡಂ ನೋವಿನ ಡೈರಿ ಬರೆಯಲು ಹೇಳಿದರು. ಒಂದು ತಿಂಗಳು ತಪ್ಪದೆ ಬರೆದುಕೊಂಡು ಹೋದರೆ ಎರಡು ಪುಟ ತಿರುವಿ ಪಕ್ಕಕ್ಕಿಟ್ಟುಬಿಟ್ಟರು. “ಇವತ್ತು ವಿಪರೀತ ನೋವು”, “ಇವತ್ತು ಪರವಾಗಿಲ್ಲ” ಎಂದು ಬರೆದಿದ್ದೆ. ಇನ್ನೇನು ಬರೆಯಬೇಕಿತ್ತು? ಇದಕ್ಕೆಲ್ಲ ರೈಲಿನ ಓಡಾಟವೇ ಕಾರಣ ಎಂದು ನನ್ನ ಅನುಮಾನ. ಡೈರಿಯಿಂದ ಅದು ಗೊತ್ತಾಗುತ್ತದೆಯೇ?

ಉತ್ತರ: ಗೊತ್ತಾಗುತ್ತದೆ. ಆದರೆ ನೋವು ಬಂದ ದಿನ ಏನು ಮಾಡಿದಿರಿ ಎಂಬುದನ್ನಷ್ಟೇ ಬರೆದರೆ ಸಾಲದು. ಹಿಂದಿನ ದಿನ ಏನು ಮಾಡಿದ್ದಿರಿ, ಅದೇ ಕೆಲಸ ಮಾಡಿಯೂ ನೋಯದ ದಿನ ಯಾವುದು ಎಂಬುದೂ ಪುಟದಲ್ಲಿರಬೇಕು. ನಿಮ್ಮ ಮೇಡಂ ಪುಸ್ತಕ ಪಕ್ಕಕ್ಕಿಟ್ಟದ್ದು ಅಸಡ್ಡೆಯಿಂದ ಇರಲಾರದು. “ವಿಪರೀತ” ಎಂಬ ಮಾತಿನಿಂದ ಯಾವ ವ್ಯಾಯಾಮವನ್ನು ಹೆಚ್ಚಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಅವರಿಗೆ ದಾರಿಯಿಲ್ಲ. ಹೇಗೆ ಬರೆದರೆ ದಾರಿ ಸಿಗುತ್ತದೆ ಎಂಬುದನ್ನು ನಿಮ್ಮ ಅನುಮಾನವನ್ನೇ ಹೋಲುವ ಒಂದು ಪ್ರಕರಣದಿಂದ ಹೇಳುತ್ತೇನೆ.

ಪಾಂಡವಪುರದ ಕಡೆಯ ಶಿಕ್ಷಕಿಯೊಬ್ಬರು ನನ್ನ ಬಳಿ ಸೊಂಟನೋವಿನ ಫಿಸಿಯೊಥೆರಪಿಗೆ ಬರುತ್ತಿದ್ದರು. ಅವರದು ಬಸ್ಸಿನ ಮೇಲಿನ ದೂರು. ಸೋಮವಾರ ಬಸ್ಸಿನಿಂದ ಇಳಿಯುವಾಗ ನೆಟ್ಟಗೆ ನಿಲ್ಲಲಾಗುವುದಿಲ್ಲ, ವರ್ಗಾವಣೆ ಸಿಕ್ಕರೆ ನೋವು ಹೋಗುತ್ತದೆ ಎನ್ನುತ್ತಿದ್ದರು. ದಿನಕ್ಕೆ ಎರಡು ಸಲ ಬರೆಯಲು ಹೇಳಿದೆ: ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ಪ್ರತಿ ಸಲವೂ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು, ಜೊತೆಗೆ ನೋವು ಎಲ್ಲಿಯವರೆಗಿದೆ ಎಂಬುದನ್ನು ಬರೆಯಬೇಕು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿದ್ದರೆ ಅಥವಾ ಭಾರ ಎತ್ತಿದ್ದರೆ ಅದನ್ನು ಗಡಿಯಾರದ ಲೆಕ್ಕದಲ್ಲಿ ಸೇರಿಸಬೇಕು. ಅವರ ಪುಸ್ತಕದ ಸಾಲುಗಳು ಹೀಗಿದ್ದವು:

ಭಾನುವಾರ. ಬೆಳಿಗ್ಗೆ 3, ಸೊಂಟ ಮಾತ್ರ. 8ರಿಂದ 9.45ರವರೆಗೆ ವಾರದ ಬಟ್ಟೆ ಒಗೆದೆ. ನೆನೆದ ಬಟ್ಟೆಯ ಎರಡು ಬಕೆಟ್ ಮಹಡಿಗೆ ಒಯ್ದೆ. ಆಗ ಏನೂ ನೋಯಲಿಲ್ಲ. ರಾತ್ರಿ 4.

ಸೋಮವಾರ. ಬೆಳಿಗ್ಗೆ 6, ಸೊಂಟ ಮತ್ತು ಬಲ ಪೃಷ್ಠ. ಬಸ್ 40 ನಿಮಿಷ, ಸೀಟು ಸಿಕ್ಕಿತು. ಇಳಿಯುವಾಗ 7. ಮಧ್ಯಾಹ್ನ 1ಕ್ಕೆ ಒಂದು ನೋವಿನ ಮಾತ್ರೆ. ರಾತ್ರಿ 4.

ಗುರುವಾರ. ಬೆಳಿಗ್ಗೆ 3, ಸೊಂಟ ಮಾತ್ರ. ಬಸ್ 40 ನಿಮಿಷ, ನಿಂತೇ ಹೋದೆ. ಇಳಿಯುವಾಗ 3. ರಾತ್ರಿ 3.

ಸೋಮವಾರದ ಸಾಲನ್ನು ಇನ್ನೊಮ್ಮೆ ಓದಿ. ಬಸ್ ಹತ್ತುವ ಮೊದಲೇ ನೋವು ಆರಿತ್ತು. ಬಸ್ಸು ಸೇರಿಸಿದ್ದು ಒಂದಂಕ ಮಾತ್ರ. ಅದೇ ಬಸ್ಸು, ಅದೇ ರಸ್ತೆ, ಗುರುವಾರ ಸೀಟೂ ಇಲ್ಲದೆ ಹೋದಾಗ ಏನನ್ನೂ ಸೇರಿಸಲಿಲ್ಲ. ನಾಲ್ಕು ವಾರಗಳಲ್ಲಿ ಮೂರು ಸೋಮವಾರ ಇದೇ ಕಥೆ. ಬಟ್ಟೆ ಒಗೆಯುವಾಗ ನೋಯದಿದ್ದ ಕಾರಣಕ್ಕೆ ಆ ಕೆಲಸದ ಮೇಲೆ ಅವರಿಗೆ ಅನುಮಾನವೇ ಬಂದಿರಲಿಲ್ಲ. ನೋವು ತಲೆ ಎತ್ತಿದಾಗ ಎದುರಿಗಿದ್ದದ್ದು ಬಸ್ಸು, ಹೀಗಾಗಿ ತಪ್ಪೆಲ್ಲ ಅದರ ತಲೆಗೆ ಬಿತ್ತು.

ಹಳೆಯ ಸೊಂಟನೋವಿನಲ್ಲಿ ಹೀಗೆ ತಡವಾಗಿ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ಅಭ್ಯಾಸವಿಲ್ಲದಷ್ಟು ದುಡಿದ ಸ್ನಾಯು ಅಂದೇ ಹೆಚ್ಚು ನೋಯುವುದಿಲ್ಲ, ಒಂದರಿಂದ ಮೂರು ದಿನಗಳೊಳಗೆ ನೋವು ಏರುತ್ತದೆ. ತಿಂಗಳುಗಟ್ಟಲೆ ನೋವು ಉಂಡ ಜಾಗದಲ್ಲಿ ನರಗಳೂ ಸೂಕ್ಷ್ಮವಾಗಿರುತ್ತವೆ. ಅವು ಅಂದಿನ ಕೆಲಸಕ್ಕೆ ಮರುದಿನ ರೇಗುವುದುಂಟು. ಆದ್ದರಿಂದ ಅಂಕ ಏಕಾಏಕಿ ಏರಿದ ದಿನ, ಅಂದಿನ ಪುಟದ ಜೊತೆಗೆ ಹಿಂದಿನ ಎರಡು ದಿನಗಳ ಪುಟಗಳನ್ನೂ ನೋಡುವುದು ನನ್ನ ರೂಢಿ.

ಶಿಕ್ಷಕಿಯ ಪುಸ್ತಕದಲ್ಲಿ ಇನ್ನೊಂದು ಏರಿಕೆಯಿತ್ತು. ಕಿರುಪರೀಕ್ಷೆ ನಡೆದ ವಾರಗಳಲ್ಲಿ ಬುಧವಾರ ಬೆಳಿಗ್ಗೆ ಐದು. ಹಿಂದಿನ ರಾತ್ರಿ ನೆಲದ ಮೇಲೆ ಕಾಲು ಮಡಚಿ ಕುಳಿತು, ಎರಡು ಗಂಟೆ ಬಗ್ಗಿ ಉತ್ತರಪತ್ರಿಕೆ ತಿದ್ದಿದ್ದರು. ಅಲ್ಲಿ ಬಕೆಟ್ಟಿಲ್ಲ, ಭಾರವಿಲ್ಲ. ಎರಡಕ್ಕೂ ಸಮಾನವಾಗಿದ್ದದ್ದು ಬಹಳ ಹೊತ್ತು ಮುಂದಕ್ಕೆ ಬಾಗಿಸಿಟ್ಟ ಬೆನ್ನು. ನಿಜವಾದ ಸುಳಿವು ಅದು. ಫಿಸಿಯೊಥೆರಪಿಸ್ಟ್ ಹುಡುಕುವುದೂ ಅದನ್ನೇ. ಏಕೆಂದರೆ “ಬಟ್ಟೆ ಒಗೆಯಬೇಡಿ” ಎಂಬ ಸಲಹೆಯಿಂದ ಯಾರ ಮನೆಯೂ ನಡೆಯುವುದಿಲ್ಲ. “ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬೆನ್ನನ್ನು ಹಿಂದಕ್ಕೆ ಬಾಗಿಸಿ” ಎಂಬ ಸಲಹೆಯನ್ನು ಪಾಲಿಸಬಹುದು.

ಇಷ್ಟಕ್ಕೇ ತೀರ್ಪು ಕೊಡಬಾರದು. ಡೈರಿ ತೋರಿಸುವುದು ಅನುಮಾನವನ್ನು ಮಾತ್ರ. ಅದನ್ನು ಪರೀಕ್ಷಿಸಲು ಒಂದೇ ಒಂದು ಸಂಗತಿಯನ್ನು ಬದಲಿಸಿ, ಉಳಿದದ್ದನ್ನು ಇದ್ದಂತೆಯೇ ಬಿಡಬೇಕು. ಶಿಕ್ಷಕಿ ಬಟ್ಟೆಯನ್ನು ವಾರದ ಮೂರು ದಿನಕ್ಕೆ ಹಂಚಿದರು, ಬಕೆಟ್ ಅರ್ಧ ತುಂಬಿದರು. ಪತ್ರಿಕೆ ತಿದ್ದುವುದು ನೆಲದ ಮೇಲೆಯೇ ಮುಂದುವರಿಯಿತು. ಮುಂದಿನ ಎರಡು ಸೋಮವಾರ ಬೆಳಿಗ್ಗೆ ನೋವು ನಾಲ್ಕು, ಮೂರು. ಪತ್ರಿಕೆ ತಿದ್ದಿದ ಮರುದಿನ ಮಾತ್ರ ಮೊದಲಿನಂತೆಯೇ ಐದು. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಆದರೂ ಎರಡು ಸೋಮವಾರ ಇಳಿದದ್ದು ಕಾಕತಾಳೀಯವೂ ಇರಬಹುದು. ನೋವು ತನ್ನಷ್ಟಕ್ಕೇ ಏರಿಳಿಯುತ್ತದೆ. ಜನ ಸಾಮಾನ್ಯವಾಗಿ ತೀರಾ ಹೆಚ್ಚಾದಾಗಲೇ ಡೈರಿ ಹಿಡಿಯುವುದರಿಂದ, ಏನು ಮಾಡದಿದ್ದರೂ ಮುಂದಿನ ವಾರಗಳಲ್ಲಿ ಸ್ವಲ್ಪ ಇಳಿಯುವುದೇ ಹೆಚ್ಚು. ನನಗೆ ನಂಬಿಕೆ ಬಂದದ್ದು ಮೂರನೆಯ ವಾರ. ಹಬ್ಬಕ್ಕೆ ನೆಂಟರು ಬಂದರು, ಹಾಸಿಗೆ ಹೊದಿಕೆಗಳೆಲ್ಲ ಒಂದೇ ಬೆಳಿಗ್ಗೆ ಕಲ್ಲಿನ ಮೇಲೆ ಬಿದ್ದವು, ಮರುದಿನ ಪುಟದಲ್ಲಿ ಆರು ಬಂತು. ಕಾರಣ ತೆಗೆದಾಗ ಇಳಿದು, ಮತ್ತೆ ಬಂದಾಗ ಏರಿದರೆ ಅನುಮಾನ ಗಟ್ಟಿಯಾಗುತ್ತದೆ. ಆಮೇಲೆ ಪತ್ರಿಕೆಗಳೂ ಊಟದ ಮೇಜಿಗೆ ಏರಿದವು.

ಈಗ ನಿಮ್ಮ ರೈಲಿಗೆ ಬರೋಣ. “ರೈಲು” ಎಂದು ಒಂದೇ ಮಾತಿನಲ್ಲಿ ಬರೆದರೆ ಅದರೊಳಗೆ ಹತ್ತು ಸಂಗತಿ ಅಡಗಿರುತ್ತವೆ. ಮನೆಯಿಂದ ನಿಲ್ದಾಣಕ್ಕೆ ಸ್ಕೂಟರಿನಲ್ಲಿ ರಸ್ತೆಯುಬ್ಬುಗಳ ಮೇಲೆ ಹೋಗುತ್ತೀರಾ? ಹೊರಡುವ ಗಾಡಿಗೆ ಮೇಲುಸೇತುವೆಯ ಮೆಟ್ಟಿಲನ್ನು ಓಡಿ ಹತ್ತುತ್ತೀರಾ? ಒಳಗೆ ನಿಲ್ಲುತ್ತೀರೋ, ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅಂಚಿನಲ್ಲಿ ಕೂರುತ್ತೀರೋ? ಊಟದ ಡಬ್ಬಿ, ನೀರು, ಕಡತ ತುಂಬಿದ ಚೀಲ ಯಾವ ಹೆಗಲಿನಲ್ಲಿದೆ? ಇದೆಲ್ಲ ಮುಗಿದ ಮೇಲೆ ಕಚೇರಿಯ ಕುರ್ಚಿಯಲ್ಲಿ ಇಡೀ ದಿನ ಕಳೆಯುವುದು ಬೇರೆ. ಮುಂದಿನ ಎರಡು ವಾರ ಹತ್ತುವಾಗ ಒಂದು ಅಂಕ, ಇಳಿಯುವಾಗ ಒಂದು ಅಂಕ, ನಿಂತಿರೋ ಕುಳಿತಿರೋ ಎಂಬ ಒಂದು ಪದ ಬರೆಯಿರಿ. ಹೋಗುವಾಗ ಬೇರೆ, ಬರುವಾಗ ಬೇರೆ. ಸಂಜೆ ಮೈಸೂರಿನಲ್ಲಿ ಹತ್ತುವಾಗಲೇ ಐದಿದ್ದು, ಮಂಡ್ಯದಲ್ಲಿ ಇಳಿಯುವಾಗಲೂ ಐದೇ ಇದ್ದರೆ ವಿಚಾರಿಸಬೇಕಾದದ್ದು ಕುರ್ಚಿಯನ್ನು.

ಇನ್ನೂ ಬೆಲೆಬಾಳುವುದು ರೈಲು ಹತ್ತದ ದಿನಗಳ ಲೆಕ್ಕ. ರಜೆಯ ದಿನ “ನೋವಿಲ್ಲ, ಬರೆಯುವುದೇನು” ಎಂದು ಪುಟ ಖಾಲಿ ಬಿಡುವವರೇ ಹೆಚ್ಚು. ರೈಲು ಹತ್ತಿದ ಮತ್ತು ಹತ್ತದ ದಿನಗಳನ್ನು ಅಕ್ಕಪಕ್ಕ ಇಡದೆ ನಿಮ್ಮ ಅನುಮಾನ ಬಗೆಹರಿಯುವುದಿಲ್ಲ. ಮೇಲೆ ಹೇಳಿದ ತಡವನ್ನು ನೆನಪಿಟ್ಟು ಎಣಿಸಬೇಕು: ರೈಲೇ ಕಾರಣವಾದರೆ ಕೆಲಸದ ದಿನದ ಮರುದಿನ ಬೆಳಗಿನ ಅಂಕಗಳು ರಜೆಯ ಮರುದಿನದ ಅಂಕಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿರಬೇಕು. ನಿಮ್ಮ ಹಳೆಯ ಪುಸ್ತಕವೂ ದಂಡವಲ್ಲ. “ವಿಪರೀತ” ಎಂದು ಬರೆದ ತಾರೀಖುಗಳ ಪಕ್ಕದಲ್ಲಿ ವಾರದ ಹೆಸರು ಬರೆದು ನೋಡಿ. ಅವು ವಾರದ ಒಂದೇ ದಿನಕ್ಕೆ ಜೋತುಬಿದ್ದಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಅಂಕ ಕೊಡುವುದರಲ್ಲಿ ಜನ ಎಡವುವುದು ಹೀಗೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹಿಸಬಹುದಾದ ಅತಿ ಕೆಟ್ಟ ನೋವು. ನಡುವಿನ ಅಂಕಗಳು ಒಂದು ದಿನ ಒಂದು ಅರ್ಥ, ಇನ್ನೊಂದು ದಿನ ಇನ್ನೊಂದು ಅರ್ಥ ಪಡೆಯುತ್ತವೆ. ಅದಕ್ಕೆ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮದೇ ಅಳತೆಯನ್ನು ಬರೆದಿಡಿ: ಎರಡು ಎಂದರೆ ಕೆಲಸದಲ್ಲಿದ್ದಾಗ ಮರೆತುಹೋಗುವ ನೋವು, ಐದು ಎಂದರೆ ಕುಳಿತ ಭಂಗಿ ಬದಲಿಸಲೇಬೇಕಾದ ನೋವು, ಎಂಟು ಎಂದರೆ ಎದುರಿನವರು ಹೇಳಿದ್ದು ತಲೆಗೆ ಹೋಗದ ನೋವು. ಹೊಸ ಅಂಕ ಕೊಡುವಾಗ ನಿನ್ನೆಯದನ್ನು ನೋಡಬೇಡಿ. ಮರೆತ ದಿನವನ್ನು ಹಾಗೆಯೇ ಬಿಡಿ. ಫಿಸಿಯೊಥೆರಪಿಗೆ ಹೋಗುವ ಮುಂಚಿನ ರಾತ್ರಿ ಕುಳಿತು ಇಡೀ ವಾರವನ್ನು ನೆನಪಿನಿಂದ ತುಂಬುವವರಿದ್ದಾರೆ. ಒಂದೇ ಪೆನ್ನು, ಒಂದೇ ಓಟದ ಅಕ್ಷರ, ನೋಡಿದ ಕೂಡಲೇ ತಿಳಿಯುತ್ತದೆ. ನೆನಪಿನಲ್ಲಿ ಉಳಿಯುವುದು ವಾರದ ಅತಿ ಕೆಟ್ಟ ಗಳಿಗೆ ಮತ್ತು ಕೊನೆಯ ಗಳಿಗೆ. ಹಾಗೆ ತುಂಬಿದ ಪುಟಕ್ಕಿಂತ ಖಾಲಿ ಪುಟವೇ ವಾಸಿ.

ಮಾತ್ರೆ ನುಂಗಿದ್ದರೆ ಹೆಸರು, ಹೊತ್ತು ಬರೆಯಿರಿ. ಶಿಕ್ಷಕಿಯ ಸೋಮವಾರ ರಾತ್ರಿಯ ನಾಲ್ಕನ್ನು ಮಾತ್ರೆಯ ಸಾಲಿಲ್ಲದೆ ಓದಿದ್ದರೆ, ನೋವು ತಾನಾಗಿಯೇ ಇಳಿಯಿತೆಂದು ನಾನು ತಿಳಿಯುತ್ತಿದ್ದೆ.

ವ್ಯಾಯಾಮದ ವಿಷಯದಲ್ಲಿ ನನಗೆ ಸ್ವಲ್ಪ ಜಗಳವಿದೆ. ಮಾಡದ ದಿನವೂ ಸರಿ ಗುರುತು ಹಾಕಿಕೊಂಡು ಬರುವವರು ನಮ್ಮನ್ನು ಮೆಚ್ಚಿಸಲು ಹಾಗೆ ಮಾಡುತ್ತಾರೆ. ಪರಿಣಾಮವೇನೆಂದರೆ, ದಿನವೂ ಮಾಡಿದರೂ ಗುಣವಾಗುತ್ತಿಲ್ಲ ಎಂದುಕೊಂಡು ನಾವು ಸರಿಯಾದ ವ್ಯಾಯಾಮವನ್ನೇ ಬದಲಿಸಿಬಿಡುತ್ತೇವೆ. ಮಾಡದಿದ್ದರೆ ಮಾಡಲಿಲ್ಲ ಎಂದೇ ಬರೆಯಿರಿ, ನಾವು ಮೇಷ್ಟ್ರಲ್ಲ. ಮಾಡಿದ ದಿನ ಮೂರು ಅಂಕ ಬೇಕು: ಶುರುವಿಗೆ ಮೊದಲು, ಮುಗಿದ ಮೇಲೆ, ಮರುದಿನ ಬೆಳಿಗ್ಗೆ. ನಿಮ್ಮಂಥ ಹಳೆಯ ಸೊಂಟನೋವಿನಲ್ಲಿ ವ್ಯಾಯಾಮದಿಂದ ಎರಡಂಕದವರೆಗೆ ಏರಿ, ಮರುದಿನ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ಸಾಮಾನ್ಯವಾಗಿ ಮುಂದುವರಿಸಬಹುದು. ನಿಮ್ಮ ಮೇಡಂ ಬೇರೆ ಮಿತಿ ಹೇಳಿದ್ದರೆ ಅದೇ ಸರಿ. ಮರುದಿನವೂ ಏರಿದಷ್ಟೇ ಉಳಿದರೆ ಅವರಿಗೆ ತಿಳಿಸಿ. ವ್ಯಾಯಾಮವನ್ನು ಬಿಡಿಸುವ ಬದಲು ಹದಿನೈದು ಸಲದ್ದನ್ನು ಎಂಟು ಸಲಕ್ಕೆ ಇಳಿಸಿ ನೋಡುವುದೇ ಹೆಚ್ಚು.

ಪ್ರಗತಿಯನ್ನು ನೋವಿನ ಅಂಕವೊಂದರಿಂದಲೇ ಅಳೆಯಲು ಹೊರಟರೆ ನಿರಾಸೆಯಾಗುತ್ತದೆ. ನಿನ್ನೆ ಐದು, ಇಂದು ನಾಲ್ಕು ಎಂಬುದಕ್ಕೆ ಹೆಚ್ಚು ಅರ್ಥವಿಲ್ಲ. ವಾರದ ಸರಾಸರಿಯಲ್ಲಿ ಸುಮಾರು ಎರಡಂಕ ಇಳಿದರೆ ಮಾತ್ರ ನಿಜವಾದ ಬದಲಾವಣೆ ಎಂದು ನಾವು ಗಣಿಸುತ್ತೇವೆ. ಅದಕ್ಕೆ ಜೊತೆಯಾಗಿ, ನೋವಿನಿಂದ ನಿಮಗೆ ಕಷ್ಟವಾಗಿರುವ ಮೂರು ಕೆಲಸ ಆರಿಸಿಕೊಳ್ಳಿ. ಇಲ್ಲಿ ಅಂಕ ತಿರುವುಮುರುವು: ಮಾಡಲಾಗದಿದ್ದರೆ ಸೊನ್ನೆ, ಮೊದಲಿನಂತೆ ಮಾಡಬಲ್ಲೆನಾದರೆ ಹತ್ತು. ವಾರಕ್ಕೊಮ್ಮೆ ಕೊಟ್ಟರೆ ಸಾಕು. ಮೂರೂ ನಿಮ್ಮ ಬದುಕಿನ ಕೆಲಸಗಳೇ ಆಗಿರಲಿ. ಮನೆಮಂದಿಗೆಲ್ಲ ಮುದ್ದೆ ತೊಳಸುವುದು, ಮಂಡ್ಯದಿಂದ ಮೈಸೂರಿನವರೆಗೆ ಎದ್ದು ನಿಲ್ಲದೆ ಕೂರುವುದು, ರಾತ್ರಿ ಮಗ್ಗುಲು ಬದಲಿಸುವುದು, ಹೀಗೆ. ಶಿಕ್ಷಕಿಯ ಪಟ್ಟಿಯಲ್ಲಿ ಮುದ್ದೆಗೆ ಮೊದಲ ವಾರ ಮೂರಂಕ ಇತ್ತು. ಗಟ್ಟಿಯಾಗುತ್ತಿರುವ ಹಿಟ್ಟನ್ನು ಬಾಗಿ ನಿಂತು ಕೋಲಿನಿಂದ ಒತ್ತಿ ತಿರುವುವಾಗ ಸೊಂಟ ಹಿಡಿದು, ಉಳಿದದ್ದನ್ನು ಅತ್ತೆಗೆ ಬಿಟ್ಟುಕೊಡಬೇಕಾಗುತ್ತಿತ್ತು. ಆರನೆಯ ವಾರ ಅದು ಏಳಾಯಿತು. ಅದೇ ಹೊತ್ತಿಗೆ ನೋವಿನ ಸರಾಸರಿ ಇಳಿದಿದ್ದದ್ದು ಒಂದಂಕ ಮಾತ್ರ, ಅವರು “ಏನೂ ಗುಣವಿಲ್ಲ ಮೇಡಂ” ಎಂದೇ ಒಳಗೆ ಬಂದಿದ್ದರು. ಆದರೆ ಅವರು ಹೆಚ್ಚುಕಡಿಮೆ ಅದೇ ನೋವಿನಲ್ಲಿ ಮೊದಲಿಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತಿದ್ದರು. ಮುಂದಿನ ಹಂತಕ್ಕೆ ಹೋಗಬಹುದು ಎಂದು ನನಗೆ ಹೇಳಿದ್ದು ಆ ಏಳು.

ನಿಮ್ಮ ನೋವು ತೊಡೆಗೆ ಇಳಿಯುತ್ತದೆಯಾದ್ದರಿಂದ ಜಾಗದ ಸಾಲನ್ನು ತಪ್ಪಿಸಲೇಬೇಡಿ. ತೊಡೆಯ ನೋವು ಹಿಂದೆ ಸರಿದು ಸೊಂಟದಲ್ಲಷ್ಟೇ ಉಳಿದರೆ, ಸೊಂಟದ ಅಂಕ ಸ್ವಲ್ಪ ಏರಿದ್ದರೂ ಸಾಮಾನ್ಯವಾಗಿ ಅದು ಒಳ್ಳೆಯ ಸೂಚನೆ. ಜನ ಇದನ್ನು ತಿಳಿಯದೆ, ವ್ಯಾಯಾಮದಿಂದ ಸೊಂಟನೋವು ಜಾಸ್ತಿಯಾಯಿತೆಂದು ನಿಲ್ಲಿಸಿಬಿಡುತ್ತಾರೆ. ಇದಕ್ಕೆ ವಿರುದ್ಧವಾಗಿ ತೊಡೆಯಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ ಇಳಿಯುತ್ತಾ ಹೋದರೆ ಅಂಕ ಕಡಿಮೆಯಿದ್ದರೂ ಮುಂದಿನ ಭೇಟಿಗೆ ಕಾಯದೆ ತಿಳಿಸಿ.

ಭೇಟಿಗೆ ಇಡೀ ಪುಸ್ತಕವನ್ನು ಓದಿಸಲು ಹೋಗಬೇಡಿ, ಅಷ್ಟು ಹೊತ್ತು ಅಲ್ಲಿರುವುದಿಲ್ಲ. ಅರ್ಧ ಪುಟದಲ್ಲಿ ಬರೆದು ಕೊಡಿ. ಉದಾಹರಣೆಗೆ: “ಕಳೆದ ಎರಡು ವಾರ ಬೆಳಗಿನ ಸರಾಸರಿ 4, ಅದಕ್ಕೂ ಮುಂಚೆ 5. ತೊಡೆಗೆ ಇಳಿದದ್ದು ಮೂರು ದಿನ, ಮೂರೂ ದಿನ ಹಿಂದಿನ ದಿನ ಒಂದೂವರೆ ಗಂಟೆ ಏಳದೆ ಕುಳಿತಿದ್ದೆ. ರೈಲಿನಲ್ಲಿ ನಿಂತ ದಿನ ಏರಿಕೆಯಿಲ್ಲ. ವ್ಯಾಯಾಮ ಹದಿನಾಲ್ಕರಲ್ಲಿ ಒಂಬತ್ತು ದಿನ. ಮುದ್ದೆ 4ರಿಂದ 5. ಕುರ್ಚಿಯಿಂದ ಮುಕ್ಕಾಲು ಗಂಟೆಗೊಮ್ಮೆ ಏಳುವುದನ್ನು ಮುಂದೆ ಪರೀಕ್ಷಿಸಲೇ?” ಇಷ್ಟು ಕೈಗೆ ಸಿಕ್ಕರೆ ಯಾವ ಫಿಸಿಯೊಥೆರಪಿಸ್ಟ್ ಕೂಡ ಪುಸ್ತಕ ಮುಚ್ಚಿಡುವುದಿಲ್ಲ, ಬೇಕಾದ ಪುಟವನ್ನು ತಾವಾಗಿಯೇ ತೆರೆಯುತ್ತಾರೆ.

ಡೈರಿಗೂ ಒಂದು ಮಿತಿಯುಂಟು. ಗಂಟೆಗೊಮ್ಮೆ ನೋವನ್ನು ಹುಡುಕಿ ಬರೆಯುತ್ತಾ ಹೋದರೆ ಗಮನವೆಲ್ಲ ಸೊಂಟದ ಮೇಲೆಯೇ ನಿಂತು, ಮೊದಲು ಅರಿವಿಗೆ ಬಾರದಿದ್ದ ನೋವೂ ಅರಿವಿಗೆ ಬರುತ್ತದೆ. ದಿನಕ್ಕೆ ಒಟ್ಟು ಐದು ನಿಮಿಷ ಮೀರದಿರಲಿ. ಇನ್ನು ನಾಲ್ಕು ವಾರದಲ್ಲಿ ಏರಿಕೆಯ ಕಾರಣಗಳು ತಿಳಿದರೆ ದಿನದ ಅಂಕ ನಿಲ್ಲಿಸಿ, ವಾರಕ್ಕೊಮ್ಮೆ ಆ ಮೂರು ಕೆಲಸಗಳ ಅಂಕ ಮಾತ್ರ ಇಟ್ಟುಕೊಳ್ಳಿ. ಆರು ಬಂದ ದಿನ ಹೆದರಿ ಮರುದಿನ ಹಾಸಿಗೆ ಬಿಟ್ಟೇಳದಂತಾಗುತ್ತಿದ್ದರೆ ಆ ಹೆದರಿಕೆಯನ್ನೂ ಮೇಡಂಗೆ ಹೇಳಿ, ಅದೂ ಚಿಕಿತ್ಸೆಯ ವಿಷಯವೇ.

ಕೆಲವು ಸಂಗತಿಗಳನ್ನು ಬರೆದಿಟ್ಟು ಕಾಯುವಂತಿಲ್ಲ. ಮೂತ್ರ ಕಟ್ಟಿಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗದ ಸುತ್ತ ಮರಗಟ್ಟುವುದು, ಎರಡೂ ಕಾಲಿಗೆ ನೋವು ಅಥವಾ ಬಲಹೀನತೆ ಬರುವುದು, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಎಳೆಯುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು, ಮಂಡ್ಯದ ಮಿಮ್ಸ್ ಆಗಲಿ ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ. ಸೊಂಟನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ನೋವು, ಇವುಗಳಲ್ಲಿ ಯಾವುದಿದ್ದರೂ ಬೇಗ ವೈದ್ಯರನ್ನು ಕಾಣಿ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದಿರುವುದು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಉಳಿದು, ಓಡಾಡಿದರೆ ಸಡಿಲವಾಗಿ, ವಿಶ್ರಾಂತಿ ತೆಗೆದುಕೊಂಡರೆ ಮತ್ತೆ ಹೆಚ್ಚುತ್ತಿದೆಯೇ? ನಡುರಾತ್ರಿಯ ನಂತರ ನೋವಿಗೆ ಎಚ್ಚರವಾಗುತ್ತಿದೆಯೇ? ಡೈರಿಯಲ್ಲಿ ಇದು ಮತ್ತೆ ಮತ್ತೆ ಕಂಡರೆ ಆ ಪುಟಗಳನ್ನು ಮೂಳೆ ವೈದ್ಯರಿಗೂ ತೋರಿಸಿ. ಅದು ಬೆನ್ನುಮೂಳೆಯ ಉರಿಯೂತದ ಲಕ್ಷಣವಿರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕಾಗಬಹುದು, ಮುಂದೆ ಸಂಧಿವಾತ ತಜ್ಞರ ಬಳಿಗೂ ಕಳಿಸಬಹುದು.